ಡೆಂಗ್ಯೂ ವಿಡಿಯೊದ ಕೆಳಗೆ ಏನು ಬರೆಯಬೇಕು: ವೈದ್ಯರ ಮಾತು ನೋಡುಗರ ಕೈಯಲ್ಲಿ ರೋಗನಿರ್ಣಯವಾಗದಂತೆ

ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆ ಜ್ವರ ಬಂದವರು ರಕ್ತ ಪರೀಕ್ಷೆ ಮಾಡಿಸಿದರೆ ಲ್ಯಾಬಿನವರು ರಿಪೋರ್ಟನ್ನು ಹೆಚ್ಚಾಗಿ ವಾಟ್ಸಾಪಿಗೇ ಕಳಿಸುತ್ತಾರೆ. ಡಾಕ್ಟರ ಬಳಿ ಹೋಗುವ ಮೊದಲೇ ಅದು ಮನೆಯವರ ಕೈಯಲ್ಲಿರುತ್ತದೆ. ಪ್ಲೇಟ್‌ಲೆಟ್ ಸಾಲಿನಲ್ಲಿ ದಪ್ಪಕ್ಷರದಲ್ಲಿ 82,000 ಎಂದಿರುತ್ತದೆ, ಪಕ್ಕದಲ್ಲಿ ‘ಕಡಿಮೆ’ ಎಂಬ ಗುರುತು. ಆ ಸಂಖ್ಯೆಯನ್ನು ಫೋನಿನಲ್ಲಿ ಹುಡುಕಿದಾಗ ಎದುರಾಗುವುದು ಯಾರೋ ವೈದ್ಯರ ವಿಡಿಯೊ. ವಿಡಿಯೊ ಒತ್ತುವ ಮೊದಲು ಕಣ್ಣಿಗೆ ಬೀಳುವುದು ಅದರ ಶೀರ್ಷಿಕೆ ಮತ್ತು ಕೆಳಗಿನ ವಿವರಣೆಯ ಒಂದೆರಡು ಸಾಲು. ವೈದ್ಯರು ಒಳಗೆ ಎಷ್ಟೇ ಎಚ್ಚರಿಕೆಯಿಂದ ಮಾತಾಡಿರಲಿ, ನೋಡುವವರು ಅದನ್ನು ಸಾಮಾನ್ಯ ತಿಳಿವಳಿಕೆ ಎಂದು ಕೇಳುತ್ತಾರೋ, ತಮ್ಮ ರಿಪೋರ್ಟಿಗೆ ಸಿಕ್ಕ ಉತ್ತರ ಎಂದು ಕೇಳುತ್ತಾರೋ ಎಂಬುದು ಬಹುಮಟ್ಟಿಗೆ ಆ ಸಾಲುಗಳಲ್ಲೇ ತೀರ್ಮಾನವಾಗಿಬಿಡುತ್ತದೆ.

ಆದ್ದರಿಂದ ಒಂದೇ ಒಂದು ವಿವರಣೆಯನ್ನು ತೆಗೆದುಕೊಂಡು ಸಾಲುಸಾಲಾಗಿ ತಿದ್ದಿ ನೋಡೋಣ. ಮಂಗಳೂರಿನ ಒಬ್ಬ ಫಿಸಿಶಿಯನ್ ಡೆಂಗ್ಯೂ ಮತ್ತು ಪ್ಲೇಟ್‌ಲೆಟ್ ಬಗ್ಗೆ ಕನ್ನಡದಲ್ಲಿ ಎಂಟು ನಿಮಿಷ ಮಾತಾಡಿದ್ದಾರೆ ಎಂದುಕೊಳ್ಳಿ. ಮಾತು ಚೆನ್ನಾಗಿದೆ. ವಿಡಿಯೊ ಹಾಕುವ ಹುಡುಗರು ಅದರ ಕೆಳಗೆ ಬರೆದದ್ದು ಹೀಗಿದೆ:

> ಪ್ಲೇಟ್‌ಲೆಟ್ ಕಡಿಮೆಯಾಗಿದೆಯೇ? ನಿಮಗೆ ಡೆಂಗ್ಯೂ ಇರಬಹುದು! ಖ್ಯಾತ ಡೆಂಗ್ಯೂ ತಜ್ಞ ಡಾ. ______ (ಎಂಬಿಬಿಎಸ್, ಎಂಡಿ, ಕೆಎಂಸಿ) ಅವರಿಂದ ಸಂಪೂರ್ಣ ಮಾಹಿತಿ. ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕೆಳಗಿಳಿದರೆ ಅಪಾಯ. ಪಪ್ಪಾಯಿ ಎಲೆಯ ರಸ ಕುಡಿಯಬಹುದು. ಆಸ್ಪಿರಿನ್ ಮತ್ತು ನೋವಿನ ಮಾತ್ರೆಗಳನ್ನು ತಕ್ಷಣ ನಿಲ್ಲಿಸಿ. ಅಪಾಯಿಂಟ್‌ಮೆಂಟಿಗೆ ಕರೆ ಮಾಡಿ: ______. ಈ ವಿಡಿಯೊ ಮಾಹಿತಿಗಾಗಿ ಮಾತ್ರ.

ಬರೆದವರಿಗೆ ಕೆಟ್ಟ ಉದ್ದೇಶವೇನೂ ಇಲ್ಲ. ಆದರೂ ಇದರಲ್ಲಿ ಇಟ್ಟುಕೊಳ್ಳಬಹುದಾದ ಒಂದು ಸಾಲೂ ಇಲ್ಲ.

ತಿರುಗುಮುರುಗಾದ ವಾಕ್ಯ

ವೈದ್ಯರು ವಿಡಿಯೊದಲ್ಲಿ ಹೇಳಿದ್ದು, ಡೆಂಗ್ಯೂ ಬಂದವರಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ ಎಂದು. ವಿವರಣೆ ಹೇಳುತ್ತಿರುವುದು, ಪ್ಲೇಟ್‌ಲೆಟ್ ಇಳಿದವರಿಗೆ ಡೆಂಗ್ಯೂ ಇರಬಹುದು ಎಂದು. ಮೊದಲನೆಯದು ರೋಗದ ವರ್ಣನೆ. ಎರಡನೆಯದು ರೋಗನಿರ್ಣಯ. ಎರಡರಲ್ಲೂ ಅವವೇ ಪದಗಳಿರುವುದರಿಂದ ಈ ತಿರುಗುಮುರುಗು ಬರೆಯುವವರಿಗೂ ಗೊತ್ತಾಗುವುದಿಲ್ಲ, ಓದುವವರಿಗೂ ಗೊತ್ತಾಗುವುದಿಲ್ಲ.

ಕರಾವಳಿಯಲ್ಲಿ ಈ ತಪ್ಪಿನ ಬೆಲೆ ಹೆಚ್ಚು. ಮಲೇರಿಯಾದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ಇಲಿ ಜ್ವರದಲ್ಲೂ ಇಳಿಯುತ್ತದೆ, ಬೇರೆ ಕೆಲವು ವೈರಲ್ ಜ್ವರಗಳಲ್ಲೂ ಇಳಿಯುತ್ತದೆ. ಮಂಗಳೂರಿಗೆ ಮಲೇರಿಯಾ ಹೊಸದಲ್ಲ. ಗದ್ದೆ, ತೋಟ, ಚರಂಡಿಯ ನೀರಿನಲ್ಲಿ ಕಾಲಿಟ್ಟು ಕೆಲಸ ಮಾಡುವವರಿಗೆ ಮಳೆಗಾಲದಲ್ಲಿ ಇಲಿ ಜ್ವರದ ಭಯ ಇದ್ದೇ ಇದೆ. ಈ ಎರಡಕ್ಕೂ ನಿರ್ದಿಷ್ಟ ಔಷಧವಿದೆ: ಮಲೇರಿಯಾಕ್ಕೆ ಅದರ ಪರಾವಲಂಬಿಯನ್ನು ಕೊಲ್ಲುವ ಮಾತ್ರೆಗಳು, ಇಲಿ ಜ್ವರಕ್ಕೆ ಆ್ಯಂಟಿಬಯಾಟಿಕ್. ಡೆಂಗ್ಯೂಗೆ ಅಂಥ ಔಷಧವಿಲ್ಲ, ದ್ರವಾಂಶ ಮತ್ತು ನಿಗಾ ಇವೇ ಚಿಕಿತ್ಸೆ. ಹೀಗಿರುವಾಗ 82,000 ನೋಡಿ ಡೆಂಗ್ಯೂ ಎಂದುಕೊಂಡವರು, ‘ಇದಕ್ಕೆ ಮದ್ದಿಲ್ಲವಂತೆ, ವಿಶ್ರಾಂತಿ ತೆಗೆದುಕೊಂಡರಾಯಿತು’ ಎಂದು ಮನೆಯಲ್ಲೇ ಉಳಿದರೆ ಕಳೆದುಹೋಗುವುದು ಮಲೇರಿಯಾ ಅಥವಾ ಇಲಿ ಜ್ವರಕ್ಕೆ ಮದ್ದು ಶುರು ಮಾಡಬೇಕಾಗಿದ್ದ ದಿನಗಳು. ಮಲೇರಿಯಾದಲ್ಲೇ ಫಾಲ್ಸಿಪಾರಂ ಎಂಬ ಬಗೆ ಬೇಗನೆ ಗಂಭೀರವಾಗುವ ಕಾಯಿಲೆ.

ಕೆಲವೊಮ್ಮೆ ಆ ಸಂಖ್ಯೆಯೇ ಸರಿಯಿರುವುದಿಲ್ಲ. ರಕ್ತ ಹೆಪ್ಪುಗಟ್ಟದಿರಲೆಂದು ಲ್ಯಾಬಿನ ಟ್ಯೂಬಿನಲ್ಲಿರುವ ರಾಸಾಯನಿಕದಿಂದ ಕೆಲವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ. ಎಣಿಸುವ ಯಂತ್ರಕ್ಕೆ ಆ ಗುಂಪುಗಳು ಪ್ಲೇಟ್‌ಲೆಟ್ ಎಂದು ಕಾಣುವುದಿಲ್ಲ, ಎಣಿಕೆ ಕಡಿಮೆ ಬರುತ್ತದೆ. ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದು ಗೊತ್ತಾಗುತ್ತದೆ. ಸಂಖ್ಯೆ ಬರೆಯುವ ರೀತಿಯೂ ಲ್ಯಾಬಿನಿಂದ ಲ್ಯಾಬಿಗೆ ಬೇರೆ. ಒಂದು ಕಡೆ 82,000, ಇನ್ನೊಂದು ಕಡೆ 82, ಮತ್ತೊಂದು ಕಡೆ ಲಕ್ಷದ ಲೆಕ್ಕದಲ್ಲಿ 0.82. ಮೂರೂ ಒಂದೇ. ವಿಡಿಯೊದ ವಿವರಣೆ ಯಾವ ಮಾನದಲ್ಲಿ ಮಾತಾಡುತ್ತಿದೆ ಎಂದು ಹೇಳದಿದ್ದರೆ ‘0.82’ ನೋಡಿದವರು ಎದೆ ಒಡೆದುಕೊಳ್ಳುತ್ತಾರೆ.

ತಿದ್ದುವುದು ಸುಲಭ. ವಾಕ್ಯವನ್ನು ರೋಗದ ಕಡೆಯಿಂದ ಶುರು ಮಾಡಬೇಕು, ನೋಡುಗರ ಲಕ್ಷಣದ ಕಡೆಯಿಂದಲ್ಲ. ‘ನಿಮಗೆ’ ಎಂಬುದರ ಬದಲು ‘ಡೆಂಗ್ಯೂ ಬಂದವರಲ್ಲಿ’ ಎಂದಿರಬೇಕು. ಅಷ್ಟೇ ಸಾಲದು. ಓದುವವರು ಮನಸ್ಸಿನಲ್ಲೇ ಅದನ್ನು ತಿರುಗಿಸಿ ಓದಿಕೊಳ್ಳುವುದು ಖಂಡಿತ, ಹಾಗಾಗಿ ಮುಂದಿನ ಸಾಲಿನಲ್ಲೇ ಆ ದಾರಿ ಮುಚ್ಚಬೇಕು: ‘ಪ್ಲೇಟ್‌ಲೆಟ್ ಕಡಿಮೆ ಇದೆ ಎಂದ ಮಾತ್ರಕ್ಕೆ ಡೆಂಗ್ಯೂ ಎಂದಲ್ಲ, ಮಲೇರಿಯಾ, ಇಲಿ ಜ್ವರಗಳಲ್ಲೂ ಹೀಗಾಗುತ್ತದೆ.’ ‘ಇದು ರೋಗನಿರ್ಣಯವಲ್ಲ’ ಎಂದು ಹತ್ತು ಸಲ ಬರೆಯುವುದಕ್ಕಿಂತ ಈ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ. ಯಾಕೆ ಅಲ್ಲ ಎಂಬುದನ್ನು ಇದು ಹೇಳುತ್ತದೆ.

ಹೆಸರಿನ ಮುಂದೆ ಏನಿರಬೇಕು

‘ಖ್ಯಾತ’ ಎಂಬುದನ್ನು ತೆಗೆಯಿರಿ. ಅದು ಅರ್ಹತೆಯಲ್ಲ. ‘ಡೆಂಗ್ಯೂ ತಜ್ಞ’ ಎಂಬುದನ್ನೂ ತೆಗೆಯಿರಿ, ಏಕೆಂದರೆ ಹಾಗೊಂದು ಪದವಿಯೇ ಇಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆಯ ನಿಯಮಗಳ ಪ್ರಕಾರ ಆಯಾ ಶಾಖೆಯಲ್ಲಿ ವಿಶೇಷ ಅರ್ಹತೆ ಇಲ್ಲದವರು ತಜ್ಞರೆಂದು ಹೇಳಿಕೊಳ್ಳುವಂತಿಲ್ಲ, ಹೆಸರಿನ ಮುಂದೆ ಮಾನ್ಯತೆ ಪಡೆದ ಪದವಿ, ಗೌರವಗಳನ್ನಷ್ಟೇ ಹಾಕಬೇಕು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಗಳನ್ನು ಪ್ರಕಟಿಸಿತ್ತು, ಸಾಮಾಜಿಕ ಜಾಲತಾಣದಲ್ಲಿ ವೈದ್ಯರ ನಡತೆಯೂ ಅದರಲ್ಲಿತ್ತು. ಅದೇ ತಿಂಗಳಲ್ಲಿ ಅವುಗಳನ್ನು ತಡೆಹಿಡಿದದ್ದರಿಂದ 2002ರ ನಿಯಮಗಳೇ ಮುಂದುವರಿದವು.

ಆವರಣದೊಳಗಿನ ‘ಕೆಎಂಸಿ’ ನಮ್ಮ ಊರಿಗೇ ವಿಶೇಷವಾದ ಗೊಂದಲ. ವೈದ್ಯರ ಹೆಸರಿನ ಕೆಳಗೆ ನೋಂದಣಿ ಸಂಖ್ಯೆಯ ಜೊತೆ ಕೆಎಂಸಿ ಎಂದಿದ್ದರೆ ಅದು ಕರ್ನಾಟಕ ವೈದ್ಯಕೀಯ ಪರಿಷತ್ತು, ಇಂಗ್ಲಿಷಿನಲ್ಲಿ ಕರ್ನಾಟಕ ಮೆಡಿಕಲ್ ಕೌನ್ಸಿಲ್. ಆದರೆ ಮಂಗಳೂರು, ಮಣಿಪಾಲದವರಿಗೆ ಕೆಎಂಸಿ ಎಂದರೆ ಕಸ್ತೂರ್ಬಾ ಮೆಡಿಕಲ್ ಕಾಲೇಜು. ಬರೀ ನೋಂದಣಿಯನ್ನು ಸೂಚಿಸಲು ಬರೆದ ಮೂರಕ್ಷರವನ್ನು ಓದಿ, ‘ಇವರು ಕೆಎಂಸಿ ಡಾಕ್ಟ್ರು’ ಎಂದು ಜನ ನಂಬುತ್ತಾರೆ. ಆ ಸಂಸ್ಥೆಗೂ ವಿಡಿಯೊಗೂ ಸಂಬಂಧವೇ ಇಲ್ಲದಿರಬಹುದು. ಆದ್ದರಿಂದ ಈ ಎರಡು ಜಿಲ್ಲೆಗಳಲ್ಲಿ ಸಂಕ್ಷೇಪ ಬೇಡ. ‘ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ’ ಎಂದು ಪೂರ್ತಿ ಬರೆದು ಸಂಖ್ಯೆ ಕೊಡಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿರುವ ವೈದ್ಯರ ಪಟ್ಟಿಯಲ್ಲಿ ಆ ಸಂಖ್ಯೆ ಹಾಕಿ ಯಾರು ಬೇಕಾದರೂ ಪರೀಕ್ಷಿಸಬಹುದು. ಸಂಖ್ಯೆ ಕೊಡುವುದು ಅದಕ್ಕಾಗಿಯೇ.

ಪದವಿಯನ್ನು ಬಿಡಿಸಿ ಬರೆಯುವುದೂ ಅಷ್ಟೇ ಅಗತ್ಯ. ಬರೀ ‘ಎಂಡಿ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಚರ್ಮರೋಗದಲ್ಲೂ ಎಂಡಿ ಇದೆ, ಅರಿವಳಿಕೆಯಲ್ಲೂ ಇದೆ, ಆಯುರ್ವೇದದಲ್ಲೂ ಇದೆ. ‘ಎಂಡಿ (ಜನರಲ್ ಮೆಡಿಸಿನ್)’ ಎಂದಾಗ ಮಾತ್ರ ಜ್ವರದ ಬಗ್ಗೆ ಮಾತಾಡಲು ಇವರಿಗಿರುವ ನೆಲೆ ಗೊತ್ತಾಗುತ್ತದೆ. ಆಯುರ್ವೇದ, ಹೋಮಿಯೋಪಥಿ, ದಂತವೈದ್ಯಕೀಯ ಓದಿದವರೂ ‘ಡಾ.’ ಎಂದೇ ಬರೆಯುವುದರಿಂದ ಪದ್ಧತಿಯ ಹೆಸರನ್ನು ಮುಚ್ಚುಮರೆಯಿಲ್ಲದೆ ಹಾಕಬೇಕು.

ಅರ್ಹತೆಯ ಸಾಲಿನಲ್ಲಿ ಬಹುತೇಕರು ಬಿಡುವ ಭಾಗವೊಂದಿದೆ, ಅದೇ ಅತ್ಯಂತ ಉಪಯುಕ್ತ: ಅರ್ಹತೆ ಎಲ್ಲಿಗೆ ನಿಲ್ಲುತ್ತದೆ ಎಂಬುದು. ವಯಸ್ಕರಿಗೆ ಚಿಕಿತ್ಸೆ ನೀಡುವ ಫಿಸಿಶಿಯನ್ ವಿಡಿಯೊ ಮಾಡಿದ್ದರೆ, ‘ಮಕ್ಕಳ ಜ್ವರ ಈ ವಿಡಿಯೊದ ವ್ಯಾಪ್ತಿಯಲ್ಲಿಲ್ಲ’ ಎಂದು ಅಲ್ಲೇ ಹೇಳಬೇಕು. ನೋಡುವವರಲ್ಲಿ ಅರ್ಧ ಜನ ಮಗುವಿನ ರಿಪೋರ್ಟ್ ಹಿಡಿದಿರುವ ತಾಯಂದಿರಾಗಿದ್ದರೆ ಅವರಿಗೆ ಬೇಕಾದ್ದು ಇದೇ ಸಾಲು.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟ್ 10ರಂದು ಹೊರಡಿಸಿದ ಮಾರ್ಗಸೂಚಿಯೂ ಇಲ್ಲಿ ಅನ್ವಯಿಸುತ್ತದೆ. ಪ್ರಮಾಣಪತ್ರವಿರುವ ವೈದ್ಯರು ಆರೋಗ್ಯ ಮಾಹಿತಿ ಕೊಡುವಾಗ, ಉತ್ಪನ್ನಗಳ ಪ್ರಚಾರ ಮಾಡುವಾಗ ತಾವು ಅರ್ಹರೆಂದು ತಿಳಿಸಬೇಕು ಎಂದು ಅದು ಹೇಳುತ್ತದೆ. ವೈದ್ಯರಲ್ಲದೆ ಆರೋಗ್ಯದ ಬಗ್ಗೆ ಮಾತಾಡುವ ಪ್ರಸಿದ್ಧರು ತಮ್ಮ ಮಾತು ವೈದ್ಯಕೀಯ ಸಲಹೆ, ರೋಗನಿರ್ಣಯ, ಚಿಕಿತ್ಸೆಗಳಿಗೆ ಬದಲಿಯಲ್ಲ ಎಂದು ಸ್ಪಷ್ಟಪಡಿಸಬೇಕು. ಅರ್ಹ ವೈದ್ಯರ ವಿಡಿಯೊಗೂ ಆ ಎರಡನೆಯ ಮಾತು ಬೇಕು ಎಂಬುದೇ ಸರಿ. ಪದವಿ ದೊಡ್ಡದಾದಷ್ಟೂ ಜನ ಅದನ್ನು ತಮಗೇ ಹೇಳಿದ್ದೆಂದು ತೆಗೆದುಕೊಳ್ಳುವುದು ಹೆಚ್ಚು.

ಒಂದು ಲಕ್ಷ ಎಂಬ ಗೆರೆ

ವಯಸ್ಕರಲ್ಲಿ ಪ್ಲೇಟ್‌ಲೆಟ್ ಒಂದು ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುತ್ತದೆ. ಡೆಂಗ್ಯೂನಲ್ಲಿ ಅದು ಇಳಿಯುತ್ತದೆ, ಸಾಮಾನ್ಯವಾಗಿ ಜ್ವರ ಬಿಡುವ ಆಸುಪಾಸಿನಲ್ಲಿ ಅತಿ ಕಡಿಮೆ ಇರುತ್ತದೆ, ಬಹುತೇಕರಲ್ಲಿ ಆಮೇಲೆ ತಾನಾಗಿಯೇ ಏರುತ್ತದೆ. ಆದರೆ ಡೆಂಗ್ಯೂನಲ್ಲಿ ಜೀವಕ್ಕೆ ಕುತ್ತು ತರುವುದು ಮುಖ್ಯವಾಗಿ ಪ್ಲೇಟ್‌ಲೆಟ್ ಅಲ್ಲ. ರಕ್ತನಾಳಗಳಿಂದ ದ್ರವಾಂಶ ಹೊರಗೆ ಸೋರಿ ರಕ್ತದೊತ್ತಡ ಕುಸಿಯುವುದು. ಸೋರಿಕೆಯಾದಾಗ ಉಳಿದ ರಕ್ತ ಗಟ್ಟಿಯಾಗುತ್ತದೆ, ರಿಪೋರ್ಟಿನಲ್ಲಿ ಹೆಮಟೋಕ್ರಿಟ್ ಅಥವಾ ಪಿಸಿವಿ ಎಂಬ ಸಾಲಿನ ಸಂಖ್ಯೆ ಏರುತ್ತದೆ. ವೈದ್ಯರು ಆ ಏರಿಕೆಯನ್ನೂ ರೋಗಿಯ ನಾಡಿ, ಬಿಪಿ, ಮೂತ್ರದ ಪ್ರಮಾಣವನ್ನೂ ಒಟ್ಟಿಗೆ ನೋಡುತ್ತಾರೆ.

ಹೀಗಾಗಿ ‘1 ಲಕ್ಷಕ್ಕಿಂತ ಕೆಳಗಿಳಿದರೆ ಅಪಾಯ’ ಎಂಬುದು ಎರಡೂ ಕಡೆ ಕೆಡುಕು ಮಾಡುವ ಸಾಲು. 82,000 ಇದ್ದು ಚೆನ್ನಾಗಿ ನೀರು ಕುಡಿಯುತ್ತಾ ಓಡಾಡಿಕೊಂಡಿರುವವರು ಪ್ಲೇಟ್‌ಲೆಟ್ ಬಾಟಲಿ ಹುಡುಕಲು ರಕ್ತನಿಧಿಗೆ ಓಡುತ್ತಾರೆ. 1,10,000 ಇದ್ದು ವಾಂತಿ ನಿಲ್ಲದೆ ಹೊಟ್ಟೆ ಹಿಡಿದುಕೊಂಡು ಮಲಗಿರುವವರು ‘ಇನ್ನೂ ಒಂದು ಲಕ್ಷದ ಮೇಲಿದೆಯಲ್ಲ’ ಎಂದು ಕಾಯುತ್ತಾರೆ. ಎರಡನೆಯವರ ಬಗ್ಗೆಯೇ ನಿಜವಾಗಿ ಹೆದರಬೇಕು. ವಿವರಣೆಯಲ್ಲಿ ಸಂಖ್ಯೆ ಬೇಡ ಎಂದಲ್ಲ. ಸಾಮಾನ್ಯ ಪ್ರಮಾಣ ಇಷ್ಟು ಎಂದು ಹೇಳಿ, ಆದರೆ ‘ಇದಕ್ಕಿಂತ ಕೆಳಗಿದ್ದರೆ ಹೀಗೆ ಮಾಡಿ’ ಎಂಬ ಗೆರೆ ಎಳೆಯಬೇಡಿ. ಆ ಗೆರೆಯನ್ನು ರೋಗಿಯ ಮುಂದೆ ಕೂತ ವೈದ್ಯರು ಎಳೆಯಬೇಕು.

ಎಲ್ಲ ಸಾಲಿಗೂ ‘ಬಹುದು’ ಹಚ್ಚಬೇಡಿ

ಎಚ್ಚರಿಕೆಯಿಂದ ಬರೆಯುವುದೆಂದರೆ ಪ್ರತಿಯೊಂದನ್ನೂ ಅನುಮಾನದಲ್ಲಿ ಹೇಳುವುದಲ್ಲ. ಡೆಂಗ್ಯೂ ಈಡಿಸ್ ಸೊಳ್ಳೆಯಿಂದ ಹರಡುತ್ತದೆ. ಇಲ್ಲಿ ‘ಹರಡಬಹುದು’ ಎಂದರೆ ತಿಳಿದದ್ದನ್ನೂ ತಿಳಿಯದಂತೆ ಹೇಳಿದ ಹಾಗೆ. ಖಚಿತವಾದದ್ದನ್ನು ಖಚಿತವಾಗಿ ಹೇಳಿ, ಎಲ್ಲರಿಗೂ ಅನ್ವಯಿಸದ್ದಕ್ಕೆ ‘ಬಹುತೇಕರಲ್ಲಿ’, ‘ಕೆಲವರಲ್ಲಿ’ ಎಂದು ಅಳತೆ ಕೊಡಿ, ಪುರಾವೆ ತೆಳುವಾಗಿರುವಲ್ಲಿ ಅದು ತೆಳು ಎಂದೇ ಬರೆಯಿರಿ.

ಪಪ್ಪಾಯಿ ಎಲೆಯ ಸಾಲು ಇದಕ್ಕೆ ಒಳ್ಳೆಯ ಪರೀಕ್ಷೆ. ಬರೆದವರು ಎಚ್ಚರಿಕೆಯಿಂದಲೇ ‘ಕುಡಿಯಬಹುದು’ ಎಂದಿದ್ದಾರೆ. ಆದರೆ ಮನೆಯವರ ಕಿವಿಗೆ ಅದು ಅನುಮತಿ. ‘ಡಾಕ್ಟ್ರು ಕುಡೀಬಹುದು ಅಂದಿದ್ದಾರೆ’ ಎಂದು ಅದೇ ಸಂಜೆ ಅಂಗಳದ ಮರದಿಂದ ಎಲೆ ಬರುತ್ತದೆ. ಆರೋಗ್ಯದ ಬರಹದಲ್ಲಿ ಸಾಧ್ಯತೆಯನ್ನು ಹೇಳಬೇಕಾದಾಗ ‘ಮಾಡಬಹುದು’, ‘ತಿನ್ನಬಹುದು’ ಎಂಬ ರೂಪಗಳನ್ನು ಬಿಟ್ಟು, ಏನು ಗೊತ್ತಿದೆ ಎಂಬುದನ್ನೇ ಬರೆಯಬೇಕು: ‘ಪಪ್ಪಾಯಿ ಎಲೆಯ ಸಾರದಿಂದ ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರಿತು ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳಿವೆ. ಅದರಿಂದ ರಕ್ತಸ್ರಾವವಾಗಲಿ ಸಾವಾಗಲಿ ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಆಸ್ಪತ್ರೆಗೆ ಹೋಗುವುದನ್ನು ಇದಕ್ಕಾಗಿ ತಡಮಾಡಬೇಡಿ.’ ಉದ್ದವಾಯಿತು, ನಿಜ. ಅಷ್ಟು ಜಾಗ ಇಲ್ಲದಿದ್ದರೆ ವಿವರಣೆಯಲ್ಲಿ ಪಪ್ಪಾಯಿಯ ಹೆಸರೇ ಬೇಡ. ವಿಡಿಯೊದೊಳಗೆ ವೈದ್ಯರು ಹೇಳಿದ್ದಾರೆ, ಅಲ್ಲೇ ಇರಲಿ.

ಅದೇ ವಿಡಿಯೊಗೆ ಪಪ್ಪಾಯಿ ಎಲೆ ಸಾರದ ಮಾತ್ರೆ ಮಾರುವವರೋ ರಕ್ತಪರೀಕ್ಷೆಯ ಪ್ಯಾಕೇಜ್ ಮಾರುವ ಲ್ಯಾಬಿನವರೋ ಹಣ ಕೊಟ್ಟಿದ್ದರೆ ಅದನ್ನು ಮೊದಲ ಸಾಲುಗಳಲ್ಲೇ ಹೇಳಬೇಕು. ಪಾಟೀ ಸವಾಲಿಗೆ ಸಿಕ್ಕಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಡೆಂಗ್ಯೂ ಇಲ್ಲದವರು ಪಾಲಿಸಿದರೆ?

‘ಆಸ್ಪಿರಿನ್ ತಕ್ಷಣ ನಿಲ್ಲಿಸಿ’ ಎಂಬ ಸಾಲಿನ ಹಿಂದೆ ನಿಜವಾದ ವೈದ್ಯಕೀಯ ವಿಷಯವಿದೆ. ಡೆಂಗ್ಯೂ ಶಂಕೆ ಇರುವಾಗ ಜ್ವರಕ್ಕೂ ಮೈಕೈ ನೋವಿಗೂ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ತೆಗೆದುಕೊಳ್ಳಬಾರದು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಸಾಮಾನ್ಯ ಆಯ್ಕೆ. ಆದರೆ ಈ ವಿವರಣೆ ಓದುವವರಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ದಿನವೂ ಆಸ್ಪಿರಿನ್ ನುಂಗುವ ಹಿರಿಯರಿದ್ದಾರೆ. ಬರೀ ನೆಗಡಿ ಜ್ವರ ಬಂದವರು ಇದನ್ನು ಓದಿ ಆ ಮಾತ್ರೆ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಡೆಂಗ್ಯೂ ಇದ್ದರೂ ಅವರ ವಿಷಯದಲ್ಲಿ ನಿಲ್ಲಿಸಬೇಕೇ ಬೇಡವೇ ಎಂಬುದು ವೈದ್ಯರು ತೂಗಿ ನೋಡಬೇಕಾದ ಪ್ರಶ್ನೆ.

ನೋಡುಗರು ಏನಾದರೂ ಮಾಡಬೇಕು ಎಂದು ಹೇಳುವ ಪ್ರತಿ ಸಾಲಿಗೂ ಒಂದು ಪ್ರಶ್ನೆ ಹಾಕಿ: ಈ ಕಾಯಿಲೆ ಇಲ್ಲದವರು ಇದನ್ನು ಪಾಲಿಸಿದರೆ ಹಾನಿಯಾಗುತ್ತದೆಯೇ? ಹಾನಿಯಾಗುವುದಾದರೆ ಆ ಸಾಲು ರೋಗನಿರ್ಣಯವನ್ನು ಮೊದಲೇ ಒಪ್ಪಿಕೊಂಡಿದೆ ಎಂದರ್ಥ. ‘ಆಸ್ಪಿರಿನ್ ನಿಲ್ಲಿಸಿ’ ಈ ಪರೀಕ್ಷೆಯಲ್ಲಿ ಸೋಲುತ್ತದೆ. ‘ಜ್ವರಕ್ಕೆಂದು ಹೊಸದಾಗಿ ನೋವಿನ ಮಾತ್ರೆ ತೆಗೆದುಕೊಳ್ಳುವ ಮೊದಲು ವೈದ್ಯರನ್ನು ಕೇಳಿ, ಹೃದಯಕ್ಕಾಗಿ ದಿನವೂ ತೆಗೆದುಕೊಳ್ಳುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ’ ಗೆಲ್ಲುತ್ತದೆ.

ಅಪಾಯದ ಚಿಹ್ನೆಗಳ ಪಟ್ಟಿಯೂ ಗೆಲ್ಲುತ್ತದೆ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಮೂಗು ಅಥವಾ ಒಸಡಿನಿಂದ ರಕ್ತ, ಕಪ್ಪು ಮಲ, ಮಂಪರು ಅಥವಾ ಚಡಪಡಿಕೆ, ಉಸಿರಾಟದ ಕಷ್ಟ, ಕೈಕಾಲು ತಣ್ಣಗಾಗುವುದು, 4ರಿಂದ 6 ಗಂಟೆ ಮೂತ್ರ ಹೋಗದಿರುವುದು. ಇವುಗಳಲ್ಲಿ ಯಾವುದು ಕಂಡರೂ ಜ್ವರದ ಹೆಸರು ಡೆಂಗ್ಯೂ ಆಗಿರಲಿ, ಮಲೇರಿಯಾ ಆಗಿರಲಿ, ಆಸ್ಪತ್ರೆಗೆ ಹೋಗಲೇಬೇಕು. ಆದ್ದರಿಂದ ಇಲ್ಲಿ ಮೆತ್ತಗೆ ಹೇಳಬೇಕಾಗಿಲ್ಲ. ‘ವೈದ್ಯರನ್ನು ಸಂಪರ್ಕಿಸುವುದು ಒಳ್ಳೆಯದು’ ಎಂದಲ್ಲ, ‘ಕೂಡಲೇ ಆಸ್ಪತ್ರೆಗೆ ಹೋಗಿ’ ಎಂದು ಬರೆಯಿರಿ. ಇದರ ಜೊತೆ ಹೇಳಲೇಬೇಕಾದ ಇನ್ನೊಂದು ಮಾತು: ಡೆಂಗ್ಯೂನಲ್ಲಿ ಈ ಚಿಹ್ನೆಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ ಕಾಯಿಲೆಯ 3ರಿಂದ 7ನೇ ದಿನದ ನಡುವೆ. ಜ್ವರ ಬಿಟ್ಟಿತು ಎಂದು ಮನೆಯವರು ನಿಗಾ ಬಿಡುವುದೂ ಆಗಲೇ.

ತಿದ್ದಿದ ವಿವರಣೆ

ಯೂಟ್ಯೂಬಿನಲ್ಲಿ ಶೀರ್ಷಿಕೆಗೆ 100, ವಿವರಣೆಗೆ 5,000 ಅಕ್ಷರಗಳ ಮಿತಿಯಿದೆ. ಕನ್ನಡದಲ್ಲಿ ಒತ್ತು, ಗುಣಿತಗಳೂ ಎಣಿಕೆಗೆ ಬರುತ್ತವೆ. ‘ಪ್ಲೇ’ ಕಣ್ಣಿಗೆ ಒಂದಕ್ಷರ, ಎಣಿಕೆಯಲ್ಲಿ ನಾಲ್ಕು. ಹಾಗಾಗಿ ಶೀರ್ಷಿಕೆ ಚಿಕ್ಕದಾಗಿರಲಿ. ವಿವರಣೆಗೆ ಜಾಗ ಬೇಕಾದಷ್ಟಿದೆ, ಆದರೆ ‘ಇನ್ನಷ್ಟು’ ಒತ್ತದೆ ಪೂರ್ತಿ ತೆರೆಯುವುದಿಲ್ಲ. ಹಳೆಯ ವಿವರಣೆಯಲ್ಲಿ ‘ಮಾಹಿತಿಗಾಗಿ ಮಾತ್ರ’ ಎಂಬುದು ಕೊನೆಯಲ್ಲಿ, ಫೋನ್ ನಂಬರಿನ ಕೆಳಗೆ ಇತ್ತು. ಅಲ್ಲಿಗೆ ಯಾರೂ ತಲುಪುವುದಿಲ್ಲ. ಮುಖ್ಯವಾದದ್ದು ಮೊದಲ ಎರಡು ಸಾಲಿನಲ್ಲಿರಬೇಕು.

> ಡೆಂಗ್ಯೂ ಇದ್ದಾಗ ಪ್ಲೇಟ್‌ಲೆಟ್ ಏಕೆ ಇಳಿಯುತ್ತದೆ? ಸಂಖ್ಯೆಯೊಂದೇ ಏಕೆ ಸಾಲದು?
>
> ಪ್ಲೇಟ್‌ಲೆಟ್ ಕಡಿಮೆ ಇದೆ ಎಂದ ಮಾತ್ರಕ್ಕೆ ಡೆಂಗ್ಯೂ ಎಂದಲ್ಲ. ಮಲೇರಿಯಾ, ಇಲಿ ಜ್ವರಗಳಲ್ಲೂ ಇಳಿಯುತ್ತದೆ. ಈ ವಿಡಿಯೊ ಕಾಯಿಲೆಯನ್ನು ಅರ್ಥ ಮಾಡಿಸುತ್ತದೆ, ನಿಮ್ಮ ಜ್ವರ ಯಾವುದೆಂದು ಹೇಳುವುದಿಲ್ಲ.
>
> ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಚಿಹ್ನೆಗಳು: ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಮೂಗು ಅಥವಾ ಒಸಡಿನಿಂದ ರಕ್ತ, ಕಪ್ಪು ಮಲ, ಮಂಪರು, ಚಡಪಡಿಕೆ, ಉಸಿರಾಟದ ಕಷ್ಟ, ಕೈಕಾಲು ತಣ್ಣಗಾಗುವುದು, 4–6 ಗಂಟೆ ಮೂತ್ರ ಹೋಗದಿರುವುದು. ಜ್ವರ ಇಳಿದ ಮೇಲೂ ಇವುಗಳ ಮೇಲೆ ನಿಗಾ ಇರಲಿ. ಆಂಬುಲೆನ್ಸ್: 108.
>
> ಮಾತನಾಡಿದವರು: ಡಾ. ______, ಎಂಬಿಬಿಎಸ್, ಎಂಡಿ (ಜನರಲ್ ಮೆಡಿಸಿನ್). ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ______. ವಯಸ್ಕರಿಗೆ ಚಿಕಿತ್ಸೆ ನೀಡುವ ಫಿಸಿಶಿಯನ್, ಮಂಗಳೂರು.
>
> ಈ ವಿಡಿಯೊದಲ್ಲಿ ಇಲ್ಲದ್ದು: ಮಕ್ಕಳ ಮತ್ತು ಗರ್ಭಿಣಿಯರ ಡೆಂಗ್ಯೂ. ಇವರು, ಹಿರಿಯರು, ಸಕ್ಕರೆ ಕಾಯಿಲೆ, ಬಿಪಿ ಅಥವಾ ಕಿಡ್ನಿ ತೊಂದರೆ ಇರುವವರು ಜ್ವರ ಬಂದಾಗ ಬೇಗನೆ ವೈದ್ಯರಿಗೆ ತೋರಿಸಬೇಕು.
>
> ಔಷಧ: ಜ್ವರಕ್ಕೆಂದು ಹೊಸದಾಗಿ ನೋವಿನ ಮಾತ್ರೆ ತೆಗೆದುಕೊಳ್ಳುವ ಮೊದಲು ವೈದ್ಯರನ್ನು ಕೇಳಿ. ಹೃದಯಕ್ಕಾಗಿ ದಿನವೂ ತೆಗೆದುಕೊಳ್ಳುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.
>
> 0:00 ಈ ವಿಡಿಯೊ ಯಾರಿಗೆ
> 0:40 ಪ್ಲೇಟ್‌ಲೆಟ್ ಎಂದರೇನು
> 2:10 ಡೆಂಗ್ಯೂನಲ್ಲಿ ಅದು ಇಳಿಯುವ, ಏರುವ ಕ್ರಮ
> 4:05 ವೈದ್ಯರು ಇನ್ನೇನು ನೋಡುತ್ತಾರೆ
> 6:20 ಅಪಾಯದ ಚಿಹ್ನೆಗಳು
>
> ಯಾರಿಂದಲೂ ಹಣ ಪಡೆದು ಮಾಡಿದ ವಿಡಿಯೊ ಅಲ್ಲ. ಚಿತ್ರೀಕರಣ: ______. ವೈದ್ಯರು ವಿವರಣೆಯನ್ನು ಕೊನೆಯ ಬಾರಿ ಪರಿಶೀಲಿಸಿದ ದಿನ: ______.

ಅಪಾಯದ ಚಿಹ್ನೆಗಳು ವೈದ್ಯರ ಹೆಸರಿಗಿಂತ ಮೇಲಿರುವುದನ್ನು ಗಮನಿಸಿ. ಅರ್ಹತೆ ಮುಖ್ಯವೇ, ಆದರೆ ಗಾಬರಿಯಲ್ಲಿ ಓದುವವರಿಗೆ ಮೊದಲು ಬೇಕಾದ್ದು ಹೋಗಬೇಕೋ ಬೇಡವೋ ಎಂಬುದು. ಸಮಯಸೂಚಿಗಳು ಕೆಲಸ ಮಾಡಬೇಕಾದರೆ ಮೊದಲನೆಯದು 0:00 ಆಗಿರಬೇಕು, ಕನಿಷ್ಠ ಮೂರು ಇರಬೇಕು, ಪ್ರತಿ ಭಾಗವೂ 10 ಸೆಕೆಂಡಾದರೂ ಇರಬೇಕು. ಅವುಗಳ ಹೆಸರಿನಲ್ಲೂ ‘ನಿಮಗೆ ಡೆಂಗ್ಯೂ ಇದೆಯೇ?’ ಎಂಬಂಥದ್ದು ನುಸುಳಬಾರದು, ಹುಡುಕಾಟದಲ್ಲಿ ಅವು ಬೇರೆಯಾಗಿಯೇ ಕಾಣಿಸಿಕೊಳ್ಳುವುದುಂಟು.

ಅಪಾಯಿಂಟ್‌ಮೆಂಟಿನ ನಂಬರನ್ನು ಬೇಕೆಂದೇ ಬಿಡಲಾಗಿದೆ. ಸಾರ್ವಜನಿಕ ಆರೋಗ್ಯದ ಬಗ್ಗೆ ವೈದ್ಯರು ತಮ್ಮ ಹೆಸರಿನಲ್ಲಿ ಬರೆಯಲು, ಮಾತಾಡಲು 2002ರ ನಿಯಮಗಳಲ್ಲಿ ಅವಕಾಶವಿದೆ. ಆದರೆ ಅದು ರೋಗಿಗಳನ್ನು ಸೆಳೆಯುವ ಪ್ರಚಾರವಾಗಬಾರದು. ಭಯ ಹುಟ್ಟಿಸುವ ಶೀರ್ಷಿಕೆ, ಅದರ ಕೆಳಗೆ ಕ್ಲಿನಿಕ್ಕಿನ ನಂಬರ್: ಇವೆರಡು ಜೊತೆಯಾದರೆ ಓದುವವರಿಗೂ ಅದು ಮಾಹಿತಿಯಾಗಿ ಕಾಣುವುದಿಲ್ಲ.

ವಿವರಣೆ ತಲುಪದ ಕಡೆ

ದುಬೈಯಲ್ಲಿರುವ ಮಗ ಕಾರ್ಕಳದ ಅಮ್ಮನಿಗೆ ವಿಡಿಯೊ ಕಳಿಸುವಾಗ ಅದನ್ನು ಇಳಿಸಿಕೊಂಡು, ಒಮ್ಮೊಮ್ಮೆ ಅರ್ಧ ನಿಮಿಷಕ್ಕೆ ಕತ್ತರಿಸಿ ವಾಟ್ಸಾಪಿನಲ್ಲಿ ಹಾಕುತ್ತಾನೆ. ವಿವರಣೆ ಹಿಂದೆಯೇ ಉಳಿಯುತ್ತದೆ. ಅದಕ್ಕಾಗಿ ನಾಲ್ಕು ವಿಷಯ ಪರದೆಯ ಮೇಲೆಯೇ, ವಿಡಿಯೊ ಪೂರ್ತಿ, ಕೆಳಗಿನ ಪಟ್ಟಿಯಲ್ಲಿ ಇರಬೇಕು: ವೈದ್ಯರ ಹೆಸರು, ಪದವಿ ಮತ್ತು ಶಾಖೆ, ಚಿತ್ರೀಕರಣದ ತಿಂಗಳು ಮತ್ತು ವರ್ಷ, ‘ಸಾಮಾನ್ಯ ಮಾಹಿತಿ, ರೋಗನಿರ್ಣಯವಲ್ಲ’ ಎಂಬ ಮಾತು. ಪ್ಲೇಟ್‌ಲೆಟ್ ಸಂಖ್ಯೆ ತೋರಿಸುವ ಚಿತ್ರವಿದ್ದರೆ ‘ಬೇರೆ ಜ್ವರಗಳಲ್ಲೂ ಇಳಿಯುತ್ತದೆ’ ಎಂಬುದು ಅದೇ ಚಿತ್ರದೊಳಗಿರಲಿ, ಮುಂದಿನದರಲ್ಲಿ ಅಲ್ಲ. ಕತ್ತರಿ ಬೀಳುವುದು ಎರಡರ ನಡುವೆಯೇ. ನಿಜವಾದ ರೋಗಿಯ ರಿಪೋರ್ಟನ್ನು ತೋರಿಸುವುದಾದರೆ ಹೆಸರು, ವಯಸ್ಸು, ಲ್ಯಾಬಿನ ಸಂಖ್ಯೆ, ಬಾರ್‌ಕೋಡ್ ಎಲ್ಲವನ್ನೂ ಅಳಿಸಬೇಕು. ಮಾದರಿ ರಿಪೋರ್ಟ್ ಒಂದನ್ನು ತಯಾರಿಸಿಕೊಳ್ಳುವುದೇ ಮೇಲು.

ಇಷ್ಟೆಲ್ಲ ಮಾಡಿದ ಮೇಲೂ ಪ್ರಶ್ನೆ ಬರುತ್ತದೆ: ‘ಡಾಕ್ಟ್ರೇ, ನನ್ನ ಗಂಡನಿಗೆ ಪ್ಲೇಟ್‌ಲೆಟ್ 68 ಸಾವಿರ, ಅಡ್ಮಿಟ್ ಮಾಡ್ಬೇಕಾ?’ ಇದಕ್ಕೆ ‘ಬೇಡ, ನೀರು ಕುಡಿಸಿ’ ಎಂದು ಒಂದು ಸಾಲು ಹಾಕಿದರೆ ಇಡೀ ವಿವರಣೆ ವ್ಯರ್ಥ. ಆ ಕ್ಷಣದಲ್ಲಿ ಅದು ಒಬ್ಬ ನಿರ್ದಿಷ್ಟ ರೋಗಿಗೆ ಕೊಟ್ಟ ಸಲಹೆಯಾಯಿತು, ನಾಡಿ ಮುಟ್ಟದೆ, ಬಿಪಿ ನೋಡದೆ. ಅದನ್ನು ಓದುವ ಇತರ 68 ಸಾವಿರದವರಿಗೂ ಅದೇ ಉತ್ತರವಾಯಿತು. ಏನೂ ಹೇಳದೆ ಬಿಡುವುದೂ ಸರಿಯಲ್ಲ. ಮೊದಲೇ ಬರೆದಿಟ್ಟುಕೊಳ್ಳಬೇಕಾದ ಉತ್ತರ ಇದು: ‘ಅಮ್ಮ, ಈ ಸಂಖ್ಯೆಯೊಂದರಿಂದ ಅಡ್ಮಿಟ್ ಮಾಡಬೇಕೋ ಬೇಡವೋ ಎಂದು ಹೇಳಲು ಆಗುವುದಿಲ್ಲ. ಇವತ್ತೇ ಹತ್ತಿರದ ವೈದ್ಯರಿಗೆ ರಿಪೋರ್ಟ್ ಸಮೇತ ಅವರನ್ನು ತೋರಿಸಿ, ಮಲೇರಿಯಾ ಪರೀಕ್ಷೆ ಆಗಿದೆಯೇ ಎಂದೂ ಕೇಳಿ. ಹೊಟ್ಟೆನೋವು, ವಾಂತಿ, ರಕ್ತ, ಮಂಪರು ಇದ್ದರೆ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ.’ ರಾತ್ರಿ ಬಂದ ಪ್ರಶ್ನೆಗೆ ಬೆಳಗ್ಗೆ ಉತ್ತರ ಹೋಗುವುದಾದರೆ ‘ಇಲ್ಲಿನ ಪ್ರಶ್ನೆಗಳಿಗೆ ತಕ್ಷಣ ಉತ್ತರ ಸಿಗುವುದಿಲ್ಲ, ತುರ್ತು ಇದ್ದರೆ 108’ ಎಂದು ಎಲ್ಲಕ್ಕಿಂತ ಮೇಲೆ ಪಿನ್ ಮಾಡಿಡಬೇಕು. ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ವೈದ್ಯರು ವಿವರಣೆಯನ್ನು ಮತ್ತೊಮ್ಮೆ ಓದಿ ಪರಿಶೀಲನೆಯ ದಿನಾಂಕ ಬದಲಿಸಬೇಕು. ವಿಡಿಯೊದಲ್ಲಿ ಹೇಳಿದ್ದು ಅಷ್ಟರಲ್ಲಿ ಬದಲಾಗಿದ್ದರೆ ಯಾವ ನಿಮಿಷದ ಯಾವ ಮಾತು ಎಂದು ವಿವರಣೆಯ ಮೇಲ್ಭಾಗದಲ್ಲೇ ಬರೆಯಬೇಕು. ತಿದ್ದುಪಡಿ ಔಷಧಕ್ಕೆ ಸಂಬಂಧಿಸಿದ್ದಾದರೆ ಆ ವಿಡಿಯೊವನ್ನು ತೆಗೆದು ಹೊಸದನ್ನೇ ಹಾಕಬೇಕು.